ಎದ್ದರೆ ಸಿಡಿಯುವ ತಲೆ, ಮಲಗಿದರೆ ಹಗುರ: ಬೆನ್ನಿನ ಇಂಜೆಕ್ಷನ್ ನಂತರದ ತಲೆನೋವಿಗೆ ಏನು ಮಾಡಬೇಕು?

ಸಿಸೇರಿಯನ್ ಆಗಿ ಎರಡನೇ ದಿನ. ಬಾಣಂತಿ ಬಚ್ಚಲಿಗೆಂದು ಎದ್ದು ನಿಂತರು, ಐದೇ ನಿಮಿಷಕ್ಕೆ ಹಣೆ ಮತ್ತು ಹಿಂದಲೆ ಸಿಡಿಯತೊಡಗಿತು. ಕುತ್ತಿಗೆ ಬಿಗಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಮಲಗಿದರೆ ಹತ್ತು ನಿಮಿಷದಲ್ಲಿ ಮಾಯ. "ಶೀತ ತಲೆಗೇರಿದೆ ಕಣಮ್ಮ" ಎಂದು ಅತ್ತೆ ಕಿವಿಗೆ ಹತ್ತಿ ತುರುಕಿದರು. ಅರಿವಳಿಕೆ ವೈದ್ಯೆಯಾಗಿ ನಾನು ಹೋಗಿ ನೋಡುವಾಗಲೂ ಆ ಹತ್ತಿ ಅಲ್ಲೇ ಇತ್ತು.

ಇದು ಶೀತವಲ್ಲ. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಸೂಜಿ ಹಾಕುವಾಗ, ಬೆನ್ನುಹುರಿಯನ್ನು ಸುತ್ತಿದ ಪೊರೆಯಲ್ಲಿ ತೂತಾಗುತ್ತದೆ. ಸಾಮಾನ್ಯವಾಗಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಮಿದುಳು ತೇಲುವ ನೀರು ಅದರಿಂದ ಜಿನುಗುತ್ತದೆ. ನೀರು ಕಡಿಮೆಯಾದಾಗ ಎದ್ದು ಕುಳಿತರೆ ಮಿದುಳು ಸ್ವಲ್ಪ ಕೆಳಕ್ಕೆ ಜಗ್ಗುತ್ತದೆ, ಅದರ ಸುತ್ತಲ ರಕ್ತನಾಳಗಳು ಹಿಗ್ಗುತ್ತವೆ, ನೋವು ಶುರುವಾಗುತ್ತದೆ. ಪರೀಕ್ಷೆಗೆಂದು ಬೆನ್ನಿನಿಂದ ನೀರು ತೆಗೆದಾಗಲೂ ಇದೇ ಆಗಬಹುದು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಈ ಅರಿವಳಿಕೆಯನ್ನು ತಮ್ಮ ಮೇಲೇ ಪ್ರಯೋಗಿಸಿಕೊಳ್ಳಲು ಹೋದ ವೈದ್ಯ ಆಗಸ್ಟ್ ಬಿಯರ್ ಕೂಡ ಇದೇ ತಲೆನೋವಿನಿಂದ ಒಂಬತ್ತು ದಿನ ಹಾಸಿಗೆ ಹಿಡಿದಿದ್ದರು. ಈಗಿನ ಸೂಜಿಗಳು ಬಲು ಸಣ್ಣ, ಕೆಲವದರ ತುದಿ ಪೆನ್ಸಿಲ್ ಮೊನೆಯಂತಿದ್ದು ಪೊರೆಯನ್ನು ಕತ್ತರಿಸದೆ ಸರಿಸಿಕೊಂಡು ಹೋಗುತ್ತದೆ. ಹಾಗಾಗಿ ತೊಂದರೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಮೊದಲು ಮಾಡಬೇಕಾದದ್ದು ಗಡಿಯಾರ ನೋಡುವುದು. ಎದ್ದು ಕೂತ ಎಷ್ಟು ನಿಮಿಷಕ್ಕೆ ನೋವು ಬಂತು, ಮಲಗಿದ ಎಷ್ಟು ಹೊತ್ತಿಗೆ ಇಳಿಯಿತು ಎಂದು ಬರೆದಿಡಿ. ಎರಡೂ ಕಾಲು ಗಂಟೆಯೊಳಗೇ ಆಗುತ್ತಿದ್ದರೆ, ಇಂಜೆಕ್ಷನ್ ಆಗಿ ಐದು ದಿನದೊಳಗೆ ಇದು ಶುರುವಾಗಿದ್ದರೆ, ಅನುಮಾನ ಬಲವಾಗುತ್ತದೆ. ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ, "ಬೆನ್ನಿಗೆ ಇಂಜೆಕ್ಷನ್ ಆಗಿತ್ತು" ಎಂಬುದನ್ನು ಮರೆಯದೆ ಹೇಳಿ. ಬಾಣಂತಿಯಾದರೆ ಬಿಪಿ ನೋಡಿಸಲೇಬೇಕು. ಹೆರಿಗೆಯ ನಂತರ ಏರುವ ಬಿಪಿಯೂ ತಲೆನೋವಾಗಿಯೇ ಕಾಣಿಸಿಕೊಳ್ಳುತ್ತದೆ, ಅದು ಇದಕ್ಕಿಂತ ಅಪಾಯಕಾರಿ.

ನೋವಿದ್ದಾಗ ಮಲಗಿ, ಆದರೆ ನೋವು ಬರದಿರಲಿ ಎಂದು ದಿನಗಟ್ಟಲೆ ಚಪ್ಪಟೆ ಮಲಗಿಸಬೇಡಿ. ಇಂಜೆಕ್ಷನ್ ಆದಮೇಲೆ ತಲೆದಿಂಬು ಕಿತ್ತುಕೊಳ್ಳುವ ಪದ್ಧತಿ ಇನ್ನೂ ಇದೆ. ಅದರಿಂದ ತಲೆನೋವು ತಪ್ಪುವುದಿಲ್ಲ, ಬಾಣಂತಿ ಅಲ್ಲಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ನೀರಿನ ವಿಷಯವೂ ಹಾಗೇ. ಕೊಡಗಟ್ಟಲೆ ಕುಡಿದರೆ ತೂತು ಮುಚ್ಚದು, ಆದರೆ ಬಾಣಂತಿಗೆ ನೀರು ಕೊಡಬಾರದೆಂದು ಬಾಯಿ ಒಣಗಿಸುವುದು ಇನ್ನೂ ಕೆಟ್ಟದ್ದು. ಬಾಯಾರಿದಷ್ಟು ಕುಡಿಯಲಿ. ವೈದ್ಯರು ಹೇಳಿದ ಪ್ಯಾರಾಸಿಟಮಾಲನ್ನು ಹೊತ್ತುಹೊತ್ತಿಗೆ ಕೊಡಿ. ಕಾಫಿ ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕೆಲವರಿಗೆ ಕೆಲವು ಗಂಟೆ ಆರಾಮ ಸಿಗುತ್ತದೆ. ಹಾಲೂಡಿಸುವವರಿಗೆ ದಿನಕ್ಕೆ ಎರಡು ಲೋಟ ಸಾಕು, ಅದೂ ಹಗಲಲ್ಲಿ.

ಬಹಳ ಜನರಿಗೆ ಒಂದೆರಡು ವಾರದೊಳಗೆ ತಾನೇ ವಾಸಿಯಾಗುತ್ತದೆ. ಆದರೆ ಎದ್ದು ಕೂತು ಮಗುವಿಗೆ ಹಾಲು ಕೊಡಲೂ ಆಗದವರಿಗೆ ಎರಡು ವಾರ ತಾಳಿಕೊಳ್ಳಿ ಎನ್ನುವುದು ನನ್ನ ಪ್ರಕಾರ ನ್ಯಾಯವಲ್ಲ. ಅವರಿಗೆ ಬ್ಲಡ್ ಪ್ಯಾಚ್ ಇದೆ. ರೋಗಿಯ ತೋಳಿನಿಂದಲೇ ಸುಮಾರು 20 ಮಿಲಿಲೀಟರ್ ರಕ್ತ ತೆಗೆದು, ಹಿಂದೆ ಚುಚ್ಚಿದ ಜಾಗದ ಹತ್ತಿರ, ಪೊರೆಯ ಹೊರಗೆ ನಿಧಾನವಾಗಿ ತುಂಬುತ್ತಾರೆ. ಬೆನ್ನಿನಲ್ಲಿ ಒತ್ತಿದಂತೆ ನೋವಾದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಹೆಪ್ಪುಗಟ್ಟಿದ ರಕ್ತ ಸೈಕಲ್ ಟ್ಯೂಬಿನ ಪಂಕ್ಚರಿಗೆ ಹಾಕಿದ ತೇಪೆಯಂತೆ ಕೂರುತ್ತದೆ. ಮೊದಲ ದಿನವೇ ಮಾಡಿದರೆ ಫಲ ಕಡಿಮೆ, ಹಾಗಾಗಿ ಸಾಮಾನ್ಯವಾಗಿ ಒಂದೆರಡು ದಿನ ಕಾಯುತ್ತೇವೆ. ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ. ಜ್ವರ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಇದನ್ನು ಮಾಡುವುದಿಲ್ಲ.

ನಾನು ಮನೆಯವರಿಗೆ ಎರಡೆರಡು ಸಲ ಹೇಳುವ ಮಾತು ಬೇರೆ ಇದೆ: ನೋವಿನ ನಡತೆ ಬದಲಾದರೆ ಕಾಯಬೇಡಿ. ಇಷ್ಟು ದಿನ ಮಲಗಿದರೆ ಇಳಿಯುತ್ತಿದ್ದ ನೋವು ಈಗ ಮಲಗಿದರೂ ಇಳಿಯುತ್ತಿಲ್ಲವೆಂದರೆ, ಮಿದುಳಿನ ಮೇಲೆ ರಕ್ತ ಸೋರಿರಬಹುದು ಅಥವಾ ರಕ್ತನಾಳ ಕಟ್ಟಿಕೊಂಡಿರಬಹುದು. ಜ್ವರ, ಫಿಟ್ಸ್, ಮಂಪರು, ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ನಮ್ಮ ಬಾಣಂತಿಯ ಬಿಪಿ ಸರಿಯಿತ್ತು, ಜ್ವರವಿರಲಿಲ್ಲ. ಮಾತ್ರೆ, ಕಾಫಿಯಲ್ಲಿ ಎರಡು ದಿನ ಕಳೆದರೂ ಕೂರಲಾಗಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಪ್ಯಾಚ್ ಹಾಕಿದೆವು. ಎರಡು ಗಂಟೆ ಮಲಗಿದ್ದು ಎದ್ದು ಕೂತರು, ಕಾಲು ಗಂಟೆ ಕಳೆದರೂ ತಲೆ ಸಿಡಿಯಲಿಲ್ಲ. ಆಮೇಲೆ ಎರಡು ದಿನ ಬೆನ್ನು ನೋಯಿತು, ಅದು ಸಹಜ. ಬಕೆಟ್ ಎತ್ತುವುದು, ಬಗ್ಗಿ ಬಟ್ಟೆ ಒಗೆಯುವುದು ಸದ್ಯಕ್ಕೆ ಬೇಡವೆಂದು ಅತ್ತೆಗೇ ಹೇಳಿ ಬಂದೆ.