ಕ್ರಿಯಾಪದಕ್ಕೆ ಮೊದಲೇ ಮಾತು ಕಡಿದಿದ್ದು: ನನ್ನ ಅನುಭವ

ಕತೆಯಲ್ಲಿ ಪಾತ್ರಗಳ ಮಾತು ಅರ್ಧಕ್ಕೆ ನಿಂತರೆ ಓದುಗರಿಗೆ ತಿಳಿಯೋದಿಲ್ಲ ಅಂತ ಮಂಡ್ಯದ ನಮ್ಮ ಕತೆಗಾರ ಗೆಳೆಯರೆಲ್ಲ ಹೇಳಿದ್ದರು. ಹಾಗೆ ಮಾತು ಕಡಿದು ಬರೆದ ನನ್ನ ಕತೆ ಹೋದ ವರ್ಷ ಒಂದು ದೀಪಾವಳಿ ವಿಶೇಷಾಂಕದಲ್ಲಿ ಬಂತು, ಸಾವಿರದೈನೂರರ ಆಸುಪಾಸು ಗೌರವಧನವೂ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಟೀ ಅಂಗಡಿ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇದ್ದಹಾಗೇ ಇಳಿಸಿದೆ. ಐದಾರು ಪುಟ ಆಯಿತು, ಒಂದು ಪುಟವೂ ಓದಿಸಿಕೊಳ್ಳಲಿಲ್ಲ. ಆಮೇಲೆ ಸಾಲುಸಾಲಿನ ಕೊನೆಗೂ ಮೂರು ಚುಕ್ಕಿ ಹಾಕಿದೆ. ಪಾತ್ರಗಳೆಲ್ಲ ಜ್ವರ ಬಂದವರಂತೆ ಮಾತಾಡಿದವು.

ಕೊನೆಗೆ ಸರಿಹೋಗಿದ್ದು ಅಣ್ಣತಮ್ಮಂದಿರ ಈ ಮಾತಿನಲ್ಲಿ. ಮೊದಲ ಪ್ರತಿಯಲ್ಲಿ ತಮ್ಮ, "ಅಣ್ಣ, ಕಬ್ಬಿನ ದುಡ್ಡಲ್ಲಿ ನನ್ನ ಪಾಲು ಕೊಟ್ಟಿಲ್ಲ" ಅಂದರೆ ಅಣ್ಣ, "ಇನ್ನೂ ಬಂದಿಲ್ಲ, ಬಂದಮೇಲೆ ಕೊಡುತ್ತೇನೆ" ಅನ್ನುತ್ತಿದ್ದ. ಈಗ ಹೀಗಿದೆ:

"ಅಣ್ಣ, ಆ ಕಬ್ಬಿನ ದುಡ್ಡು..."
"ಊಟ ಆಯ್ತೇನ್ಲಾ?"
"ಆಯ್ತು. ನನ್ ಪಾಲು ಒಸಿ—"
"ಫ್ಯಾಕ್ಟ್ರಿಯವ್ರು ಇನ್ನೂವೆ... ನಾನೇನ್ ಮಡಿಕ್ಕೊಂಡು—"
"ಅಂಗಂದ್ನಾ ನಾನು? ಅತ್ಗೆ ಹೇಳ್ತಿದ್ರು, ಸೋಮವಾರನೇ—"
"ಅವಳ್ಗೇನ್ ಗೊತ್ತು!"

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆಯಿತೋ ಇಲ್ಲವೋ, ಯಾರು ಮಾಡಿದರು, ಎಲ್ಲ ಅದರಲ್ಲೇ ಇರುತ್ತದೆ. "ಸೋಮವಾರನೇ ಬಂತು" ಅಂತ ಮುಗಿಸಿದ್ದರೆ ತಮ್ಮ ಸುದ್ದಿ ಹೇಳಿದಂತಾಗುತ್ತಿತ್ತು. ಅದಕ್ಕೆ ಮೊದಲೇ ಕಡಿದಿದ್ದರಿಂದ ಅಣ್ಣ ಬಾಯಿ ಹಾಕಿದ್ದೇ ಒಪ್ಪಿಕೊಂಡಂತಾಯಿತು. ಅಡ್ಡ ಬಾಯಿ ಹಾಕುವವನು ಆಡಿದ ಮಾತಿಗಲ್ಲ, ಇನ್ನೂ ಆಡದ ಕ್ರಿಯಾಪದಕ್ಕೆ ಉತ್ತರ ಕೊಡಬೇಕು.

ಆದರೆ ವಿಭಕ್ತಿ ಉಳಿಯಲೇಬೇಕು. "ಬ್ಯಾಂಕಿಂದ—" ಅಂದರೆ ದುಡ್ಡು ತಂದದ್ದು, "ಬ್ಯಾಂಕಿಗೆ—" ಅಂದರೆ ಕಟ್ಟಿದ್ದು ಅಂತ ಓದುಗ ತಾನೇ ತುಂಬಿಕೊಳ್ಳುತ್ತಾನೆ. "ಬ್ಯಾಂಕು—" ಅಂತ ನಿಲ್ಲಿಸಿದರೆ ಎರಡೂ ಗೊತ್ತಾಗದೆ ಹಿಂದಿನ ಸಾಲಿಗೆ ಹೋಗುತ್ತಾನೆ. ಗೆಳೆಯರು ಹೆದರಿದ್ದು ಇದಕ್ಕೇ, ಅಷ್ಟರಮಟ್ಟಿಗೆ ಅವರ ಮಾತು ಸರಿ.

ಬೇರೆಯವರು ಕಡಿದರೆ ಅಡ್ಡಗೆರೆ, ತಾನೇ ನಿಲ್ಲಿಸಿದರೆ ಚುಕ್ಕಿ. ಡಿಟಿಪಿಯವರು ಗೆರೆಗಳನ್ನೆಲ್ಲ ತೆಗೆದು ಪೂರ್ಣವಿರಾಮ ಹಾಕಿಬಿಟ್ಟರು, ಸರಿಮಾಡಿಸಲು ಮತ್ತೆ ಏಳೆಂಟುನೂರು ಹೋಯಿತು. ಈಗ ಹಸ್ತಪ್ರತಿಯ ಮೇಲೇ "ಗೆರೆ ಮುಟ್ಟಬೇಡಿ" ಅಂತ ಬರೆದು ಕೊಡುತ್ತೇನೆ.

ಇಬ್ಬರ ಕೈಲಿ ಗಟ್ಟಿಯಾಗಿ ಓದಿಸುತ್ತೇನೆ. ಗೆರೆ ಬಂದಲ್ಲಿ ಎರಡನೆಯವರು ತಡವರಿಸಿದರೆ ಕಡಿದ ಜಾಗ ತಪ್ಪು. ಪುಟಕ್ಕೆ ಎರಡು ಮೂರು ಕಡಿತ ಸಾಕು, ಜಗಳದ ಕಡೆ ಮಾತ್ರ ಇನ್ನೊಂದೆರಡು ತಡೆಯುತ್ತದೆ. ಯಾವ ಮಾತನ್ನು ಕಡಿಯದೆ ಪೂರ್ತಿ ಆಡಿಸಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಫೋನ್ ಮಾತಿನ ಒಂದೇ ಕಡೆ ಬರೆದು ನೋಡುತ್ತಿದ್ದೇನೆ. "ಹೂಂ... ಯಾವಾಗ? ಅಲ್ಲ ಕಣಕ್ಕ, ಅವ್ರು ನಿನ್ಗೆ—" ಅನ್ನೋವರೆಗೆ ಚೆನ್ನಾಗಿದೆ. ಅರ್ಧ ಪುಟ ದಾಟಿದರೆ ಆ ಕಡೆಯ ಅಕ್ಕ ಏನಂದಳು ಅನ್ನೋದು ಜಾರಿಹೋಗುತ್ತಿದೆ, ಅದಕ್ಕಿನ್ನೂ ದಾರಿ ಸಿಕ್ಕಿಲ್ಲ.