ಬಿಲ್ಲಿನಲ್ಲಿರುವ ನಂಬರು ಒಪ್ಪಿಗೆಯಲ್ಲ: ಬಾಗಲಕೋಟೆಯ ಸೀರೆ ಅಂಗಡಿಯೊಂದರಲ್ಲಿ ನನ್ನ ಅನುಭವ

ಬಾಗಲಕೋಟೆಯ ಸೀರೆ ಅಂಗಡಿಯೊಂದರಲ್ಲಿ ಗ್ರಾಹಕರ ದಾಖಲೆ ಮತ್ತು ಸಂದೇಶಗಳ ಕೆಲಸ ನನ್ನದು. ರಿಯಾಯಿತಿಯ ಸಂದೇಶ ಕಳಿಸಲು, ವ್ಯಾಪಾರದ ಸಂದೇಶಗಳಿಗಾಗಿ ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ವೇದಿಕೆಯಲ್ಲಿ ಅಂಗಡಿಯ ಹೆಸರು, ಕಳಿಸುವವರ ಹೆಸರಾಗಿ ಕಾಣುವ ಹೆಡರ್ ಮತ್ತು ಸಂದೇಶದ ಮಾದರಿಯಾದ ಟೆಂಪ್ಲೇಟ್ ನೋಂದಾಯಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಆ ನೋಂದಣಿ ಕಳಿಸುವವರು ಯಾರೆಂಬುದನ್ನು ಹೇಳುತ್ತದೆಯೇ ಹೊರತು, ಪಡೆಯುವವರು ಒಪ್ಪಿದ್ದಾರೆಂದು ಹೇಳುವುದಿಲ್ಲ.

ಗುಳೇದಗುಡ್ಡದಿಂದ ಬಂದ ತಾಯಿಯೊಬ್ಬರು ಮದುವೆಯ ಜವಳಿ ಕೊಂಡು, ಬಿಲ್ಲಿಗೆ ಮಗನ ನಂಬರು ಕೊಟ್ಟರೆಂದು ಇಟ್ಟುಕೊಳ್ಳಿ. ಹೊಸ ಸೀರೆ ಬಂದಾಗ ತಿಳಿಸಿರೆಂದು ಕೌಂಟರಿನಲ್ಲಿ ಹೇಳಿದವರು ತಾಯಿ, ಸಂದೇಶ ಬರುವುದು ಮಗನ ಫೋನಿಗೆ. "ನಾ ಯಾವಾಗ ಹೂಂ ಅಂದೇನ್ರಿ?" ಎಂದು ಮಗ ಕೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ. ನಮ್ಮಲ್ಲಿ ಮನೆಗೊಂದು ನಂಬರು ಕೊಡುವ ರೂಢಿ ಇರುವುದರಿಂದ ಇದು ಅಪರೂಪದ ಸಂಗತಿಯಲ್ಲ. ಆದ್ದರಿಂದ ನಾನು ಬಾಯಿಮಾತನ್ನು ಒಪ್ಪಿಗೆಯೆಂದು ಎಣಿಸುವುದಿಲ್ಲ. ಟೆಲಿಕಾಂ ವ್ಯವಸ್ಥೆಯ ಮೂಲಕ, 127ರಿಂದ ಆರಂಭವಾಗುವ ಕಿರುಸಂಖ್ಯೆಯಿಂದ ಒಪ್ಪಿಗೆ ಕೇಳುವ ಸಂದೇಶ ಹೋಗಿ, ಆ ಫೋನು ಹಿಡಿದವರೇ ಒಪ್ಪಿದ ಮೇಲಷ್ಟೇ ನಂಬರನ್ನು ಪ್ರಚಾರದ ಪಟ್ಟಿಗೆ ಸೇರಿಸುತ್ತೇನೆ. ಬಿಲ್ಲಿನ ಸಂದೇಶಕ್ಕೂ ಪ್ರಚಾರದ ಸಂದೇಶಕ್ಕೂ ಒಂದೇ ಸಹಿ ಪಡೆಯುವ ಫಾರ್ಮನ್ನು ತೆಗೆಸಿದ್ದೇನೆ, ಏಕೆಂದರೆ ಪ್ರಚಾರ ಬೇಡವೆಂದವರಿಗೂ ಬಿಲ್ಲು ಸಿಗಲೇಬೇಕು.

ದಾಖಲೆಯಲ್ಲಿ "ಹೌದು" ಎಂಬ ಗುರುತೊಂದೇ ಇದ್ದರೆ ಅದರಿಂದ ಏನನ್ನೂ ಸಾಧಿಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆಯ ಪ್ರಶ್ನೆ ಎದ್ದಾಗ, ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆದಿದ್ದೇವೆಂದು ತೋರಿಸುವ ಹೊಣೆಯನ್ನು ದತ್ತಾಂಶ ಬಳಸುವವರ ಮೇಲೆಯೇ ಹೊರಿಸುತ್ತದೆ. ಹಾಗಾಗಿ ನಂಬರಿನ ಜೊತೆ ದಿನಾಂಕ, ಸಮಯ, ಯಾವ ಮಾಧ್ಯಮದಿಂದ ಕೇಳಿದೆವು, ಯಾವ ಉದ್ದೇಶಕ್ಕೆ, ಆಗ ಅವರು ಓದಿದ ವಾಕ್ಯ ಯಾವುದು ಎಂಬುದನ್ನೂ ಇಡುತ್ತೇನೆ. ವಾಕ್ಯ ಬದಲಾದಾಗ ಹಳೆಯದನ್ನು ಅಳಿಸದೆ ಹೊಸ ಆವೃತ್ತಿಯ ಸಂಖ್ಯೆ ಕೊಡುತ್ತೇನೆ.

ಹೆಚ್ಚು ಜಾಗ್ರತೆ ಬೇಕಾದದ್ದು ಬೇಡವೆಂದವರ ವಿಷಯದಲ್ಲಿ. ಅವರ ಸಾಲನ್ನು ಪಟ್ಟಿಯಿಂದ ಅಳಿಸಿದರೆ ಕೆಲಸ ಮುಗಿಯಿತೆನಿಸುತ್ತದೆ, ಆದರೆ ಮುಂದಿನ ಖರೀದಿಯಲ್ಲಿ ಅದೇ ನಂಬರು ಹೊಸದರಂತೆ ಮರಳಿ ಸೇರಿಕೊಳ್ಳುತ್ತದೆ. ಅದಕ್ಕಾಗಿ ಕಿರ್ದಿಯಲ್ಲಿ ಬರೆಯುವಂತೆ, ಹಿಂದಿನ ಸಾಲನ್ನು ಮುಟ್ಟದೆ "ನಿಲ್ಲಿಸಲಾಗಿದೆ" ಎಂಬ ಹೊಸ ಸಾಲನ್ನು ದಿನಾಂಕದೊಂದಿಗೆ ಸೇರಿಸುತ್ತೇನೆ. ಪ್ರತಿ ಸಲ ಕಳಿಸುವ ಮೊದಲು ಪಟ್ಟಿಯನ್ನು ಇದರೊಂದಿಗೆ ತಾಳೆ ನೋಡುತ್ತೇನೆ; ಹಿಂದಿನ ವಾರ ಇಳಿಸಿಟ್ಟ ಎಕ್ಸೆಲ್ ಕಡತವನ್ನು ಬಳಸುವುದೇ ಇಲ್ಲ. ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ವಾಣಿಜ್ಯ ಸಂದೇಶಗಳ ನಿಯಮಕ್ಕೆ 2025ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಬೇಡವೆಂದವರಲ್ಲಿ 90 ದಿನಗಳವರೆಗೆ ಮತ್ತೆ ಒಪ್ಪಿಗೆ ಕೇಳುವಂತಿಲ್ಲವಾದ್ದರಿಂದ, ಆ ದಿನಾಂಕವಿಲ್ಲದೆ ಲೆಕ್ಕವೇ ಸಿಗದು.

ಒಪ್ಪುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕೆಂದು 2023ರ ಆ ಕಾಯ್ದೆ ಹೇಳುತ್ತದೆ. ಅಂಗಡಿಗೆ ಬಂದು "ಆ ಮೆಸೇಜ್ ಬ್ಯಾಡ್ರಿ" ಎಂದವರನ್ನು ಲಿಂಕ್ ಒತ್ತಿರೆಂದು ಹಿಂದೆ ಕಳಿಸಬಾರದೆಂದು ಸಿಬ್ಬಂದಿಗೆ ಹೇಳಿದ್ದೇನೆ. ಒಪ್ಪಿಗೆಗೆ ಬಾಯಿಮಾತು ಸಾಲದಿದ್ದರೂ ನಿಲ್ಲಿಸಲು ಅದು ಸಾಕು. ಅವರ ಎದುರಿನಲ್ಲಿಯೇ ಆ ಸಾಲನ್ನು ಬರೆದುಕೊಳ್ಳಲಾಗುತ್ತದೆ.