ಮಳೆ ಅರ್ಧ, ನಾವು ಅರ್ಧ

ಜಗಳೂರು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯ ಲೆಕ್ಕ, ಖರೀದಿ, ಲೋಡಿಂಗ್ ಎಲ್ಲ ನೋಡಿಕೊಳ್ಳುವವನು ನಾನು. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಬೆಳಗಿನಿಂದ ರಾತ್ರಿವರೆಗೆ ಮೆಕ್ಕೆಜೋಳದ ಹಿಂದೆ ಓಡಾಡುವುದು. ಆ ವರ್ಷ ಒಂದು ಕೋಳಿ ಆಹಾರದ ಕಾರ್ಖಾನೆಗೆ ನವೆಂಬರ್ 30ರೊಳಗೆ 400 ಟನ್ ಕೊಡುತ್ತೇವೆ ಎಂದು ಕರಾರು ಮಾಡಿಕೊಂಡಿದ್ದೆವು. ತೇವಾಂಶ 14 ಇರಬೇಕು, 15 ದಾಟಿದರೆ ಲೋಡ್ ವಾಪಸ್. ನವೆಂಬರ್ 12ರ ಬೆಳಿಗ್ಗೆ ಕೂತು ಲೆಕ್ಕ ಹಾಕಿದಾಗ 400 ಆಗೋದಿಲ್ಲ ಅನ್ನುವುದು ಖಾತ್ರಿಯಾಯಿತು.

ನಿಜ ಹೇಳಬೇಕೆಂದರೆ 6ನೇ ತಾರೀಖಿಗೇ ಗೊತ್ತಾಗಿತ್ತು. ನಾಳೆ ಬಿಸಿಲು ಬೀಳುತ್ತೆ, ನಾಡಿದ್ದು ಎರಡು ಲೋಡ್ ಹೆಚ್ಚು ಕಳಿಸಿದರಾಯಿತು ಎಂದು ಆರು ದಿನ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ. ಆ ಆರು ದಿನದಲ್ಲಿ ಕಾರ್ಖಾನೆಯವರು ಬೇರೆ ಕಡೆ ಮಾಲು ಹುಡುಕಬಹುದಿತ್ತು.

ಮೊದಲು ಬರೆದುಕೊಂಡ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅದು ಶುರುವಾಗುವುದೇ "ಈ ವರ್ಷ ಕಟಾವಿನ ಹೊತ್ತಿಗೆ ಹಿಡಿದ ಜಡಿಮಳೆಯಿಂದಾಗಿ" ಎಂದು. ಫೋನಿನಲ್ಲಿ ಅದನ್ನು ನಮ್ಮ ಅಧ್ಯಕ್ಷರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಲೇ ಇಲ್ಲ. "ಮಳೆ ಬಂದಿದ್ದು ಅವರಿಗೂ ಗೊತ್ತೈತೆ ಬಿಡಪ್ಪಾ. ಎಷ್ಟು ಕಮ್ಮಿ ಬೀಳ್ತೈತೆ, ಅದನ್ನ ಹೇಳು ಮೊದ್ಲು" ಅಂದರು. ಚೀಟಿ ಮಡಿಚಿಟ್ಟು ಕಾಗದದ ಮೇಲೆ ಹೊಸದಾಗಿ ಲೆಕ್ಕಕ್ಕೆ ಕೂತೆ.

ನಮ್ಮ ಕಣ 8,000 ಚದರಡಿ. ಎರಡು ಇಂಚು ದಪ್ಪಕ್ಕೆ ಹರವಿದರೆ ಒಂದು ಸಲಕ್ಕೆ 26 ಟನ್ ಹಸಿ ಕಾಳು ಹಿಡಿಯುತ್ತೆ. ಅದಕ್ಕಿಂತ ದಪ್ಪ ಹಾಕಿದರೆ ಕೆಳಗಿನ ಕಾಳು ಒಣಗುವುದಿಲ್ಲ, ದಿನಕ್ಕೆ ಎಷ್ಟು ಸಲ ಕಾಲಾಡಿಸಿದರೂ ಅಷ್ಟೇ. ಒಳ್ಳೆ ಬಿಸಿಲಿದ್ದರೆ ತೇವಾಂಶ 20ರಿಂದ 14ಕ್ಕೆ ಇಳಿಯಲು ಮೂರು ದಿನ. ಒಣಗಿದ ಮೇಲೆ ಕೈಗೆ ಸಿಗುವುದು 24 ಟನ್. ಇಲ್ಲಿ ರೈತರಿಗೂ ನಮಗೂ ಯಾವಾಗಲೂ ಜಗಳ. 20ರಿಂದ 14ಕ್ಕೆ ಇಳಿದರೆ ಕ್ವಿಂಟಲಿಗೆ 6 ಕೆಜಿ ತಾನೆ ಕಮ್ಮಿಯಾಗಬೇಕು, ನೀವು 7 ಯಾಕೆ ಕಡೀತೀರಿ ಎನ್ನುತ್ತಾರೆ. 100 ಕೆಜಿಯಲ್ಲಿ 20 ಕೆಜಿ ನೀರು, ಒಣ ಕಾಳು 80. ಆ 80 ಕೆಜಿ ಈಗ ಹೊಸ ತೂಕದ ಶೇ 86 ಆಗಬೇಕು. 80ನ್ನು 0.86ರಿಂದ ಭಾಗಿಸಿದರೆ 93. ಕಳೆದದ್ದು 7 ಕೆಜಿ, ಕಳ್ಳತನ ಇಲ್ಲ.

ಖರೀದಿ ಶುರುವಾದದ್ದು ಅಕ್ಟೋಬರ್ 16ಕ್ಕೆ. ಅಲ್ಲಿಂದ ನವೆಂಬರ್ 30ರವರೆಗೆ 46 ದಿನ. ಮೂರು ದಿನಕ್ಕೊಂದು ಸಲದಂತೆ 15 ಸಲ, ಸಲಕ್ಕೆ 24 ಟನ್ ಅಂದರೆ 360. ಅಲ್ಲಿಗೆ ನನ್ನ ಪೆನ್ನು ನಿಂತಿತು. ಒಂದು ಹನಿ ಮಳೆ ಬಾರದಿದ್ದರೂ ನಮ್ಮ ಕಣದಲ್ಲಿ 400 ಟನ್ ಒಣಗುತ್ತಿರಲಿಲ್ಲ. ಕರಾರಿಗೆ ಸಹಿ ಹಾಕುವಾಗ ಎಷ್ಟು ಸದಸ್ಯರು, ಎಷ್ಟು ಎಕರೆ, ಎಕರೆಗೆ ಎಷ್ಟು ಕ್ವಿಂಟಲ್ ಅಂತ ಲೆಕ್ಕ ಹಾಕಿದ್ದೆನೇ ಹೊರತು ಕಣದ ಅಳತೆ ತೆಗೆದಿರಲಿಲ್ಲ. ಅಂದರೆ ಕೊರತೆಯ 40 ಟನ್ ಸಹಿ ಹಾಕಿದ ಸೆಪ್ಟೆಂಬರಿನಲ್ಲೇ ಕೈತಪ್ಪಿ ಹೋಗಿತ್ತು.

ಮಳೆಗೆ ಹೋದದ್ದು ಹತ್ತು ದಿನ, ಅಂದರೆ ಮೂರು ಸಲದ ಮಾಲು, 72 ಟನ್. ಇನ್ನು ಉಳಿದದ್ದು ವಾಪಸ್ ಬಂದ ಎರಡು ಲೋಡು, 32 ಟನ್. ಅದನ್ನು ಮತ್ತೆ ಹರವಿ ಒಣಗಿಸಬೇಕು, ಅಷ್ಟು ಜಾಗ ಹೊಸ ಮಾಲಿಗೆ ಇಲ್ಲ. ನಲವತ್ತು, ಎಪ್ಪತ್ತೆರಡು, ಮೂವತ್ತೆರಡು ಸೇರಿ 144 ಟನ್ ಕೊರತೆ. ಅದರಲ್ಲಿ ಮಳೆಯದು ಸರಿಯಾಗಿ ಅರ್ಧ. ಇನ್ನರ್ಧ ನಮ್ಮದು.

ಆ ಎರಡು ಲೋಡ್ ಯಾಕೆ ವಾಪಸ್ ಬಂತು ಅನ್ನುವುದು ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮೀಟರ್ 14.1 ತೋರಿಸಿತ್ತು, ಕಾರ್ಖಾನೆಯ ಗೇಟಿನಲ್ಲಿ 15.6. ಅವರ ಮೀಟರೇ ಸರಿಯಿಲ್ಲ ಎಂದು ಹಮಾಲರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅಂದರು. ನನಗೂ ಹಾಗೆ ಅಂದುಬಿಡುವ ಆಸೆ ಇತ್ತು. ಆದರೆ ಗೊತ್ತಿಲ್ಲದ ಕಾರಣ ಹೇಳಿ ಆಮೇಲೆ ಅದು ಸುಳ್ಳಾದರೆ, ಗೊತ್ತಿದ್ದು ಹೇಳಿದ್ದನ್ನೂ ಯಾರೂ ನಂಬುವುದಿಲ್ಲ. ಹಾಗಾಗಿ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಕಣದಿಂದ ಆಗಷ್ಟೇ ಬಾಚಿದ ಕಾಳನ್ನು ಅಳೆದು, ಅದೇ ಕಾಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ ಆಫೀಸಿನಲ್ಲಿಟ್ಟಿದ್ದೆ. ಸಂಜೆ 14.1 ಇದ್ದದ್ದು ಬೆಳಿಗ್ಗೆ 15.4 ಆಗಿತ್ತು. ನೀರು ಎಲ್ಲಿಂದಲೂ ಬಂದಿರಲಿಲ್ಲ. ಬಿಸಿಲಿಗೆ ಕಾಳಿನ ಹೊರಮೈ ಮೊದಲು ಒಣಗುತ್ತೆ, ತಿರುಳಿನಲ್ಲಿ ತೇವ ಉಳಿದಿರುತ್ತೆ, ಮೀಟರ್ ಹೆಚ್ಚಾಗಿ ಹೊರಮೈಯನ್ನೇ ಓದುತ್ತೆ. ರಾತ್ರಿ ಕಳೆದ ಮೇಲೆ ಒಳಗಿನ ತೇವ ಹೊರಕ್ಕೆ ಹರಡಿ ನಿಜವಾದ ಅಂಕಿ ಕಾಣುತ್ತೆ. ನಾವು ಸಂಜೆ ಅಳೆದು ಅದೇ ರಾತ್ರಿ ಲೋಡ್ ಮಾಡುತ್ತಿದ್ದೆವು, ಲಾರಿ ಗೇಟ್ ಮುಟ್ಟುವಷ್ಟರಲ್ಲಿ ಕಾಳು ತನ್ನ ನಿಜ ಹೇಳುತ್ತಿತ್ತು.

12ರಂದೇ ಮೊದಲ ಫೋನ್ ಕಾರ್ಖಾನೆಯ ಖರೀದಿ ಮ್ಯಾನೇಜರಿಗೆ. ನಿರ್ದೇಶಕರ ಸಭೆ ಮುಗಿಸಿ ಮಾಡೋಣ ಎಂದು ಕೆಲವರು ಅಂದರು, ನಾನು ಒಪ್ಪಲಿಲ್ಲ. ಸಭೆ ಸಂಜೆಗೆ, ಅಲ್ಲಿ ಕೋಳಿಗಳು ದಿನಾ ತಿನ್ನಬೇಕು. ಅಧ್ಯಕ್ಷರು ಹೂಂ ಅಂದದ್ದು ಸಾಕು.

"ಸಾರ್, ನವೆಂಬರ್ 30ಕ್ಕೆ 400 ಟನ್ ಆಗೋದಿಲ್ಲ. ಇವತ್ತಿಗೆ ನೀವು ಒಪ್ಪಿಕೊಂಡಿರೋದು 112. ಮೂವತ್ತಕ್ಕೆ 250 ಆಗುತ್ತೆ, ಉಳಿದ 150 ಡಿಸೆಂಬರ್ 20ರೊಳಗೆ." ಇಷ್ಟು ಹೇಳಿ ಸುಮ್ಮನಾದೆ. ನಮಸ್ಕಾರ, ಮನೆಯಲ್ಲೆಲ್ಲ ಆರಾಮಾ ಎಂದು ಶುರು ಮಾಡಿದರೆ ಮಾತು ಎಲ್ಲೋ ಹೋಗುತ್ತೆ ಅಂತ ನನಗೆ ಗೊತ್ತು, ನಮ್ಮ ಕಡೆ ಅದು ದೊಡ್ಡ ರೋಗ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಯಾಕೆ?" ಅಂದರು. ಮೂರು ಕಾರಣವನ್ನೂ ಟನ್ ಸಮೇತ ಹೇಳಿದೆ, ಡಬ್ಬಿಯ ಕತೆಯನ್ನೂ.

"250 ಅಂತ ಹೇಗೆ ಹೇಳ್ತೀರಿ? ಹಿಂದೆ 400 ಅಂದೋರೂ ನೀವೇ ಅಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಮೊದಲೇ ಬರೆದಿಟ್ಟುಕೊಂಡಿದ್ದೆ. ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯ 6,000 ಚದರಡಿ ಕಣವನ್ನು 16ರಿಂದ ಬಾಡಿಗೆಗೆ ಮಾತಾಡಿದ್ದೆ, ಮುಂಗಡವನ್ನೂ ಕೊಟ್ಟಾಗಿತ್ತು. ಅಲ್ಲಿ ಸಲಕ್ಕೆ 18 ಟನ್. ಎರಡೂ ಕಣ ಸೇರಿ, ದಿನಾ ಬಿಸಿಲಿದ್ದರೆ ಮೂವತ್ತರವರೆಗೆ 234 ಟನ್ ಒಣಗಿಸಬಹುದು. ನಾನು ಮಾತು ಕೊಟ್ಟದ್ದು 138ಕ್ಕೆ. ಉಳಿದದ್ದನ್ನು ಮೋಡಕ್ಕೆ ಬಿಟ್ಟಿದ್ದೆ. ಜೊತೆಗೆ ಇನ್ನೊಂದು ಮಾತು: "24ನೇ ತಾರೀಖಿಗೆ 190 ದಾಟಿರದಿದ್ದರೆ ನೀವು ಕೇಳೋಕೆ ಮುಂಚೆ ನಾನೇ ಫೋನ್ ಮಾಡ್ತೀನಿ ಸಾರ್."

ಅವರಿಗೇನೂ ಖುಷಿಯಾಗಲಿಲ್ಲ. ಕರಾರಿನ ದರ 300 ಟನ್‌ಗೆ ಮಾತ್ರ, ಆ ಮೇಲಿನ 100ಕ್ಕೆ ಅವತ್ತಿನ ಮಾರುಕಟ್ಟೆ ದರ ಅಂದರು. ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇನೆ, ನಿಮ್ಮದು ತಡವಾದರೆ ತಡ ಅಂದರು. ನಷ್ಟವೇ. ಒಪ್ಪಿಕೊಂಡೆ.

ಸಂಜೆ ಸಭೆಯಲ್ಲಿ ಮಳೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ವಾಪಸ್ ಬಂದ ಲೋಡಿನ ಬಗ್ಗೆಯೂ ಅಷ್ಟಾಗಿ ಇಲ್ಲ. ಎಲ್ಲರೂ ಹಿಡಿದದ್ದು ಆ 40 ಟನ್ನನ್ನೇ. "ಕಣ ಅಳೀದೆ ಕರಾರು ಮಾಡ್ದೋರು ಯಾರು?" ಎಂದು ಒಬ್ಬ ನಿರ್ದೇಶಕರು ಮೇಜು ಗುದ್ದಿದರು. "ನಾನೇ ಗೌಡ್ರೆ" ಅಂದೆ. ಇನ್ನೂ ಬೈಯುವವರಿದ್ದರು, ಆದರೆ ಆ ಉತ್ತರದ ಮುಂದೆ ಎಳೆಯಲು ಏನೂ ಉಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಬಾಡಿಗೆ ಕಣಕ್ಕೂ ಎರಡನೇ ಮೀಟರಿಗೂ ಒಪ್ಪಿಗೆ ಸಿಕ್ಕಿತು. 40 ಟನ್ನನ್ನು ಮಳೆಯೊಳಗೆ ಸೇರಿಸಿ 112 ಎಂದು ತೋರಿಸಿದ್ದರೆ ಅವತ್ತು ಬಚಾವಾಗುತ್ತಿದ್ದೆ, ಆದರೆ ಕಣದ ಬಾಡಿಗೆ ಯಾಕೆ ಬೇಕು ಎಂದು ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಮಳೆ ನಿಂತಿದೆಯಲ್ಲ, ಇನ್ಯಾಕೆ ಖರ್ಚು ಎನ್ನುತ್ತಿದ್ದರು.

ನಾನು ಎಡವಿದ್ದು ಸದಸ್ಯರ ಮುಂದೆ. ಕಣದ ಹತ್ತಿರವೇ ಮಾಲು ಕೊಟ್ಟ ಮೂವತ್ತು ಜನರನ್ನು ಕೂಡಿಸಿ, ಬೆಳಿಗ್ಗೆ ಹೇಳಿದ ಹಾಗೇ 400, 250, 144 ಎಂದು ಶುರು ಮಾಡಿದೆ. ಹಿಂದೆ ನಿಂತಿದ್ದ ಒಬ್ಬ ಅಜ್ಜಿ ತಡೆದಳು. "ಅದೆಲ್ಲ ಇರ್ಲಿ ಮಗಾ, ನಮ್ಮ ದುಡ್ಡು ಯಾವಾಗ?" ಅವರ ಪಾಲಿಗೆ ತಪ್ಪಿದ ಗುರಿ ಅಂದರೆ ಅದೊಂದೇ. ನಾನು ಗಡಿಬಿಡಿಯಲ್ಲಿ ಡಿಸೆಂಬರ್ 5 ಅಂದುಬಿಟ್ಟೆ. ಲೋಡ್ ಮುಟ್ಟಿದ ಏಳನೇ ದಿನಕ್ಕೆ ಕಾರ್ಖಾನೆ ಹಣ ಹಾಕುತ್ತೆ ಎಂಬ ಅಂದಾಜು. ಆದರೆ ಏಳು ದಿನ ಎಣಿಸುವುದು ಗುಣಮಟ್ಟದ ವರದಿ ಬಂದ ಮೇಲೆ, ಬೂಸ್ಟಿನ ವಿಷ ಇದೆಯೇ ಎಂಬ ಪರೀಕ್ಷೆಯೂ ಅದರಲ್ಲಿ ಸೇರಿದೆ. ಮಳೆ ನೆನೆದ ಮಾಲಿಗೆ ಆ ಪರೀಕ್ಷೆ ಇನ್ನೂ ಬಿಗಿ. ಹಣ ಬಂದದ್ದು 11ಕ್ಕೆ. ಐದರಂದು ಅದೇ ಕಣದಲ್ಲಿ ಮತ್ತೆ ನಿಂತು, ಈ ಸಲ ಮೊದಲ ವಾಕ್ಯದಲ್ಲೇ "ದುಡ್ಡು ಇವತ್ತಿಲ್ಲ, 11ಕ್ಕೆ" ಎಂದು ಹೇಳಬೇಕಾಯಿತು. ಮೊದಲ ಸಲಕ್ಕಿಂತ ಇದು ಕಷ್ಟವಾಯಿತು. ಅಜ್ಜಿ ಏನೂ ಅನ್ನಲಿಲ್ಲ, ಅದೇ ಇನ್ನೂ ಚುಚ್ಚಿತು.

24ನೇ ತಾರೀಖಿಗೆ 203 ಆಗಿತ್ತು, ಆದರೂ ಫೋನ್ ಮಾಡಿ ತಿಳಿಸಿದೆ. ಮೂವತ್ತಕ್ಕೆ 256. ಡಿಸೆಂಬರ್ 20ಕ್ಕೆ ಒಟ್ಟು 388. ಉಳಿದ 12 ಟನ್ ಗೋದಾಮಿನ ಮೂಲೆಯಲ್ಲಿ ರಾಶಿಯಾಗಿದ್ದದ್ದು, ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಬೂಸ್ಟಿನ ವಾಸನೆ. ಅದನ್ನು ಕೋಳಿ ಆಹಾರಕ್ಕೆ ಕಳಿಸುವ ಮಾತೇ ಇಲ್ಲ. ಪಶು ಆಹಾರಕ್ಕೆ ಕೇಳಿ ಬಂದವರಿಗೂ ಕೊಡಲಿಲ್ಲ, ಆ ವಿಷ ಹಾಲಿಗೂ ಇಳಿಯುತ್ತೆ. ನಷ್ಟದ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬರೆದು ಮುಂದಿನ ಸಭೆಗೆ ಇಟ್ಟೆ.

ಈಗ ಆಫೀಸಿನ ಕಿಟಕಿಯಲ್ಲಿ ಡಬ್ಬಿಗಳ ಸಾಲೇ ಇದೆ, ಪ್ರತಿಯೊಂದರ ಮೇಲೂ ಲಾರಿ ನಂಬರ್. ಬೆಳಿಗ್ಗೆ ಅಧ್ಯಕ್ಷರು ಬಂದವರು ಮೊದಲು ಅತ್ತ ನೋಡುತ್ತಾರೆ. "ಏನಂತೈತಪ್ಪಾ ಡಬ್ಬಿ?" ಎನ್ನುತ್ತಾರೆ. ಮೀಟರ್ ನೋಡಿ ಹೇಳಿದ ಮೇಲೇ ಹಮಾಲರು ಚೀಲಕ್ಕೆ ಕೈ ಹಾಕುವುದು.